ಪ್ಯಾಕೆಟ್ಟಿನ ಮೇಲಿನ ತಾರೀಖು ಏನು ಹೇಳುತ್ತದೆ, ಏನು ಹೇಳುವುದಿಲ್ಲ



ಹಲಾಲ್ ಮತ್ತು ತಯ್ಯಿಬ್ ಆಹಾರದ ಕುರಿತು ಜುಮಾ ಖುತ್ಬಾದಲ್ಲಿ ಮಾತನಾಡುವಾಗ ಪ್ಯಾಕೆಟ್ಟಿನ ಮೇಲಿನ ತಾರೀಖಿನ ವಿಷಯವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದೆವು. ನಮಾಝ್ ಆದ ಮೇಲೆ ಹಲವರು ನಿಲ್ಲಿಸಿ ಕೇಳಿದರು. ತಾರೀಖು ದಾಟಿದ ಎಣ್ಣೆ ಬಳಸಬಹುದೇ? ‘ಬೆಸ್ಟ್ ಬಿಫೋರ್’ ಬೇರೆ, ‘ಎಕ್ಸ್‌ಪೈರಿ’ ಬೇರೆಯೇ? ತಾರೀಖು ಇನ್ನೂ ಇದ್ದರೂ ಹಾಲು ಕೆಟ್ಟಿದ್ದೇಕೆ? ಮಿಂಬರಿನ ಮೇಲೆ ನಿಂತು ಇಷ್ಟನ್ನೂ ವಿವರಿಸಲು ಸಮಯ ಸಾಲದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಕಿಟ್ ಕೋಣೆಯಲ್ಲಿ ನಡೆದ ವಾದ

ಈ ವಿಷಯವನ್ನು ನಾವು ಸರಿಯಾಗಿ ತಿಳಿದುಕೊಳ್ಳಬೇಕಾಗಿ ಬಂದದ್ದು ನಮ್ಮ ಮಸೀದಿಯ ಹಿಂದಿನ ಶೀಟಿನ ಕೋಣೆಯಿಂದ. ಶಅ್‌ಬಾನ್ ತಿಂಗಳಲ್ಲಿ ರಮಝಾನ್ ಕಿಟ್‌ಗಳ ತಯಾರಿಗೆಂದು ಆ ಕೋಣೆಯ ಬಾಗಿಲು ತೆಗೆದೆವು. ಹಿಂದಿನ ವರ್ಷ ಹಂಚಿ ಉಳಿದ ಸಾಮಾನು ಹಾಗೆಯೇ ಕೂತಿತ್ತು. ತೆಂಗಿನೆಣ್ಣೆಯ ಪ್ಯಾಕೆಟ್‌ಗಳು, ಶಾವಿಗೆ, ಖರ್ಜೂರ, ಪೆಟ್ಟಿಗೆಯಲ್ಲಿ ಬರುವ ಹಾಲು, ಎರಡು ಡಬ್ಬ ಮಗುವಿನ ಹಾಲಿನ ಪುಡಿ, ಒಣ ಕಾಯಿಪುಡಿಯ ಕೆಲವು ಪ್ಯಾಕೆಟ್. ಮೂಲೆಯಲ್ಲಿ ಅರ್ಧ ಚೀಲ ಕೊಬ್ಬರಿ. ತೋಟವಿರುವ ಸಹೋದರರೊಬ್ಬರು ಕೊಟ್ಟಿದ್ದ ಆ ಚೀಲದ ಮೇಲೆ ಯಾವ ತಾರೀಖೂ ಇರಲಿಲ್ಲ.

ಕಮಿಟಿಯಲ್ಲಿ ಎರಡು ಮಾತು ಬಂದವು. ಕೆ.ಬಿ. ಕ್ರಾಸ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಸಹೋದರರು, “ಹಜರತ್, ತಾರೀಖು ದಾಟಿದ್ದೆಲ್ಲ ತಿಪ್ಪೆಗೆ, ತಾರೀಖು ಇರುವುದೆಲ್ಲ ಕಿಟ್‌ಗೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ?” ಎಂದರು. ಹಿರಿಯರಾದ ಚಾಚಾ ಒಬ್ಬರು ಎಣ್ಣೆಯ ಪ್ಯಾಕೆಟ್ ಒತ್ತಿ ನೋಡಿ, “ತಾರೀಖು ಕಂಪನಿಯವರ ವ್ಯಾಪಾರ. ನಮ್ಮ ಕಾಲದಲ್ಲಿ ಮೂಸಿ ನೋಡುತ್ತಿದ್ದೆವು, ನಾಲಿಗೆಗೆ ಹಚ್ಚಿ ನೋಡುತ್ತಿದ್ದೆವು. ಅನ್ನ ಬಿಸಾಡುವುದು ಪಾಪ. ಇಲ್ಲದವರಿಗೆ ಕೊಡಿ” ಎಂದರು.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿತ್ತು, ಅರ್ಧ ಅಪಾಯವಿತ್ತು. ಅದನ್ನು ಬಿಡಿಸಿ ತೋರಿಸಿದ್ದು ನಮ್ಮ ಜಮಾಅತಿನ ಒಬ್ಬ ಹೆಣ್ಣುಮಗಳು. ಆಹಾರ ತಂತ್ರಜ್ಞಾನ ಓದಿರುವ ಆಕೆ ತಿಪಟೂರಿನ ಕಡೆ ಕಾಯಿಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡುತ್ತಾಳೆ. ತನ್ನ ಅಪ್ಪನ ಜೊತೆ ಬಂದು, ಚಾಪೆಯ ಮೇಲೆ ಎಲ್ಲವನ್ನೂ ಹರಡಿಸಿ, ಒಂದೊಂದನ್ನೇ ಕೈಗೆತ್ತಿಕೊಂಡು ವಿವರಿಸಿದಳು. ಆ ದಿನ ಕಲಿತದ್ದೇ ಈ ಲೇಖನ.

ಎರಡು ಮಾತು, ಎರಡು ಅರ್ಥ

ಮೊದಲು ಪದಗಳ ಅರ್ಥ ತಿಳಿಯೋಣ. ನಮ್ಮ ದೇಶದಲ್ಲಿ ಆಹಾರದ ಪ್ಯಾಕೆಟ್ಟಿನ ಮೇಲೆ ಏನು ಬರೆಯಬೇಕು ಎಂಬುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ನಿಗದಿ ಮಾಡುತ್ತದೆ. ಅದರ ನಿಯಮದಲ್ಲಿ ‘ಬೆಸ್ಟ್ ಬಿಫೋರ್’ ಎಂಬುದು ಗುಣದ ತಾರೀಖು. ಹೇಳಿದ ರೀತಿಯಲ್ಲಿ ಇಟ್ಟರೆ ಆ ದಿನದವರೆಗೆ ರುಚಿ, ವಾಸನೆ, ಗರಿಗರಿ ಎಲ್ಲವೂ ಕಂಪನಿ ಹೇಳಿದಂತೆಯೇ ಇರುತ್ತವೆ ಎಂದು ಅರ್ಥ. ಆ ದಿನ ದಾಟಿದರೆ ಗುಣ ಕಡಿಮೆಯಾಗಬಹುದು, ಆದರೆ ತಿನ್ನಲು ಇನ್ನೂ ಸುರಕ್ಷಿತವಾಗಿರಬಹುದು ಎಂದು ನಿಯಮವೇ ಒಪ್ಪುತ್ತದೆ.

‘ಯೂಸ್ ಬೈ’ ಮತ್ತು ‘ಎಕ್ಸ್‌ಪೈರಿ’ ಎರಡನ್ನೂ ನಿಯಮ ಒಂದೇ ಅರ್ಥದಲ್ಲಿ ಬಳಸುತ್ತದೆ. ಆ ದಿನದ ನಂತರ ಆಹಾರದಲ್ಲಿ ನಾವು ನಿರೀಕ್ಷಿಸುವ ಗುಣವೂ ಸುರಕ್ಷತೆಯೂ ಇಲ್ಲದಿರುವ ಸಾಧ್ಯತೆ ಇದೆ, ಆದ್ದರಿಂದ ಅದನ್ನು ಮಾರುವಂತಿಲ್ಲ.

ಇಲ್ಲಿಯವರೆಗೆ ಸುಲಭ. ಗೊಂದಲ ಶುರುವಾಗುವುದು ಮುಂದೆ. ಇಂಗ್ಲೆಂಡಿನಂಥ ದೇಶಗಳಲ್ಲಿ ‘ಯೂಸ್ ಬೈ’ ಎಂಬುದನ್ನು ಬೇಗ ಕೆಟ್ಟು ಅಪಾಯ ತರುವ ಆಹಾರಕ್ಕೆ, ಅಂದರೆ ಫ್ರಿಜ್ಜಿನಲ್ಲಿಡುವ ಮಾಂಸ, ಮೀನು ಇಂಥವಕ್ಕೆ ಬಳಸುತ್ತಾರೆ. ಬಿಸ್ಕತ್ತು, ಅಕ್ಕಿ, ಎಣ್ಣೆಗೆ ‘ಬೆಸ್ಟ್ ಬಿಫೋರ್’ ಮಾತ್ರ. ಆದ್ದರಿಂದ ಅಲ್ಲಿ ಪದ ನೋಡಿದರೆ ಸಾಕು, ಅಪಾಯ ಎಷ್ಟೆಂದು ತಿಳಿಯುತ್ತದೆ. ನಮ್ಮಲ್ಲಿ 2020ರ ಲೇಬಲ್ ನಿಯಮದ ಪ್ರಕಾರ ಎಕ್ಸ್‌ಪೈರಿ ಅಥವಾ ಯೂಸ್ ಬೈ ತಾರೀಖನ್ನು ಪ್ಯಾಕೆಟ್ ಆಹಾರದ ಮೇಲೆ ಹಾಕಲೇಬೇಕು. ಬೆಸ್ಟ್ ಬಿಫೋರ್ ಹಾಕುವುದು ಕಂಪನಿಯ ಇಷ್ಟ. ಹೀಗಾಗಿ ಎರಡು ದಿನ ಬಾಳುವ ಹಾಲಿಗೂ ಒಂದು ವರ್ಷ ಬಾಳುವ ಎಣ್ಣೆಗೂ ನಮ್ಮಲ್ಲಿ ಒಂದೇ ಪದ ಬಂದು ಕೂತಿದೆ. ಪದವನ್ನು ಮಾತ್ರ ನೋಡಿದರೆ ನಮಗೆ ಅಪಾಯ ತಿಳಿಯುವುದಿಲ್ಲ. ಆಹಾರ ಯಾವುದು ಎಂದು ನೋಡಬೇಕು.

ನೀರು ಎಷ್ಟಿದೆ?

“ಆಹಾರ ಯಾವುದು ಎಂದು ನೋಡುವುದು ಹೇಗಮ್ಮಾ?” ಎಂದು ಕೇಳಿದೆವು. ಆಕೆ ಹೇಳಿದಳು: “ಹಜರತ್, ನೀವು ತೆಂಗಿನ ಸೀಮೆಯವರು. ಒಂದೇ ತೆಂಗಿನಕಾಯಿಯನ್ನು ಯೋಚಿಸಿ. ಹಸಿ ಕಾಯಿ ತುರಿದಿಟ್ಟರೆ ಬೇಸಿಗೆಯಲ್ಲಿ ಸಂಜೆಗೆ ಹುಳಿ ವಾಸನೆ. ಅದೇ ಕಾಯಿ ಅಟ್ಟದ ಮೇಲೆ ಕೂತು ಕೊಬ್ಬರಿಯಾದರೆ ತಿಂಗಳುಗಟ್ಟಲೆ ಇರುತ್ತದೆ. ಅದನ್ನೇ ಗಾಣಕ್ಕೆ ಹಾಕಿ ಎಣ್ಣೆ ತೆಗೆದರೆ ವರ್ಷ ಇಡಬಹುದು. ವ್ಯತ್ಯಾಸ ಏನು? ನೀರು.”

ರೋಗ ತರುವ ಬ್ಯಾಕ್ಟೀರಿಯಾ ಬೆಳೆಯಲು ನೀರು ಬೇಕು. ಹಸಿ ಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ನೀರೇ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಅದು ನೂರಕ್ಕೆ ಆರೇಳು ಭಾಗಕ್ಕೆ ಇಳಿಯುತ್ತದೆ. ಕಾರ್ಖಾನೆಯ ಕಾಯಿಪುಡಿಯಲ್ಲಿ ನೂರಕ್ಕೆ ಮೂರು ಭಾಗದ ಆಸುಪಾಸು. ಎಣ್ಣೆಯಲ್ಲಿ ಇಲ್ಲವೆಂದೇ ಹೇಳಬಹುದು. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯಲಾರವು. ಆದ್ದರಿಂದ ಒಣ ಆಹಾರದ ತಾರೀಖು ಬಹುಮಟ್ಟಿಗೆ ಗುಣದ ತಾರೀಖು. ನೀರಿರುವ, ತಂಪಿನಲ್ಲಿ ಇಡಬೇಕಾದ ಆಹಾರದ ತಾರೀಖು ಸುರಕ್ಷತೆಯ ತಾರೀಖು. ಹಾಲು, ಪನೀರ್, ಮಾಂಸ, ಮೀನು, ಹಸಿ ತೆಂಗಿನ ತುರಿ ಈ ಎರಡನೆಯ ಗುಂಪಿಗೆ ಸೇರುತ್ತವೆ.

ಚಾಚಾ ಕೇಳಿದರು, “ಹಾಗಾದರೆ ಹಾಲನ್ನು ಮೂಸಿ ನೋಡಿದರೆ ಸಾಲದೇ?” ಸಾಲದು. ಆಹಾರವನ್ನು ಹುಳಿ ಮಾಡುವ, ವಾಸನೆ ಬರಿಸುವ ಜೀವಿಗಳು ಬೇರೆ. ನಮಗೆ ಕಾಯಿಲೆ ತರುವ ಜೀವಿಗಳು ಬಹಳ ಸಲ ಬೇರೆ. ಸಾಲ್ಮೊನೆಲ್ಲಾದಂಥವು ವಾಸನೆಯನ್ನಾಗಲಿ ಬಣ್ಣವನ್ನಾಗಲಿ ಬದಲಿಸದೆ ಬೆಳೆಯಬಲ್ಲವು. ಲಿಸ್ಟೀರಿಯಾ ಎಂಬುದು ಫ್ರಿಜ್ಜಿನ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ, ಬಸುರಿಯರಿಗೆ ಅದು ತುಂಬ ಅಪಾಯ. ಮೂಗು ‘ಕೆಟ್ಟಿದೆ’ ಎಂದು ಹೇಳಿದರೆ ನಂಬಿ. ‘ಚೆನ್ನಾಗಿದೆ’ ಎಂದು ಹೇಳಿದರೆ, ನೀರಿರುವ ಆಹಾರದ ವಿಷಯದಲ್ಲಿ ಅದನ್ನು ನಂಬಬೇಡಿ. ಅಲ್ಲಿ ತಾರೀಖಿನ ಮಾತೇ ಕೊನೆ.

ಚಾಪೆಯ ಮೇಲಿನ ಸಾಮಾನು, ಒಂದೊಂದಾಗಿ

ಮೊದಲು ತೆಂಗಿನೆಣ್ಣೆ. ತಾರೀಖು ದಾಟಿ ಒಂದು ತಿಂಗಳಾಗಿತ್ತು. ಎಣ್ಣೆಯಲ್ಲಿ ಬ್ಯಾಕ್ಟೀರಿಯಾದ ಭಯವಿಲ್ಲ. ಗಾಳಿ, ಬೆಳಕು, ಬಿಸಿಯಿಂದ ಅದು ಕಮಟು ಹಿಡಿಯುತ್ತದೆ. ತೇವ ಸೇರಿದ್ದರೆ ತೆಂಗಿನೆಣ್ಣೆಗೆ ಸೋಪಿನಂಥ ರುಚಿ ಬರುತ್ತದೆ. ಇದನ್ನು ಮೂಗು ಮತ್ತು ನಾಲಿಗೆ ಸರಿಯಾಗಿಯೇ ಹಿಡಿಯುತ್ತವೆ. ಹೀಗಾಗಿ ಎಣ್ಣೆಯ ಮಟ್ಟಿಗೆ ಚಾಚಾ ಹೇಳಿದ್ದು ಸರಿ. ಚಳಿಗಾಲದಲ್ಲಿ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗುವುದು ಕೆಟ್ಟ ಲಕ್ಷಣವಲ್ಲ. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುವುದು ಸಹಜ. ಒಂದು ಪ್ಯಾಕೆಟ್ ಕತ್ತರಿಸಿ ನೋಡಿದಾಗ ಕಮಟು ಇರಲಿಲ್ಲ.

ಎರಡನೆಯದು ಖರ್ಜೂರ. ತಾರೀಖು ಎರಡು ತಿಂಗಳ ಹಿಂದೆಯೇ ಮುಗಿದಿತ್ತು, ಹಣ್ಣಿನ ಮೇಲೆ ಬಿಳಿ ಪುಡಿಯಂಥದ್ದು ಕಾಣುತ್ತಿತ್ತು. ಎಲ್ಲರೂ ಬೂಷ್ಟು ಎಂದೇ ತಿಳಿದರು. ಆಕೆ ಬೆರಳು ಒದ್ದೆ ಮಾಡಿ ಉಜ್ಜಿದಳು, ಬಿಳುಪು ಕರಗಿ ಹೋಯಿತು. ಅದು ಹಣ್ಣಿನ ಸಕ್ಕರೆ ಹರಳುಗಟ್ಟಿದ್ದು. ಬೂಷ್ಟಾದರೆ ಕರಗುವುದಿಲ್ಲ, ಹತ್ತಿಯ ಎಳೆಯಂತೆ ಕಾಣುತ್ತದೆ. ಖರ್ಜೂರವನ್ನು ಬಿಡಿಸಿ ಒಳಗೆ ನೋಡುವುದು ಮುಖ್ಯ, ಹುಳ ಇರುವುದು ಬೀಜದ ಹತ್ತಿರ. ನಾಲ್ಕು ಪ್ಯಾಕೆಟ್‌ನಲ್ಲಿ ಎರಡರಲ್ಲಿ ಹುಳ ಇತ್ತು.

ಮೂರನೆಯದು ಶಾವಿಗೆ. ಇದೂ ಒಣ ಆಹಾರ. ತಾರೀಖು ದಾಟಿದ್ದರಿಂದ ವಿಷವಾಗಿರಲಿಲ್ಲ, ಆದರೆ ಪ್ಯಾಕೆಟ್ಟಿನ ಮೂಲೆಯಲ್ಲಿ ಸಣ್ಣ ತೂತು, ಒಳಗೆ ನುಸಿ. ತೂತಾದ ಪ್ಯಾಕೆಟ್ಟಿಗೆ ತಾರೀಖು ಅನ್ವಯಿಸುವುದೇ ಇಲ್ಲ, ಏಕೆಂದರೆ ತಾರೀಖು ಹೇಳುವುದು ಮುಚ್ಚಿದ ಪ್ಯಾಕೆಟ್ಟಿನ ಆಯುಷ್ಯವನ್ನು.

ನಾಲ್ಕನೆಯದು ಪೆಟ್ಟಿಗೆಯ ಹಾಲು. ದಿನವೂ ತರುವ ಪ್ಯಾಕೆಟ್ ಹಾಲನ್ನು 72 ಡಿಗ್ರಿಯ ಸುಮಾರಿಗೆ ಹದಿನೈದು ಸೆಕೆಂಡ್ ಕಾಯಿಸಿರುತ್ತಾರೆ. ರೋಗದ ಜೀವಿಗಳು ಸಾಯುತ್ತವೆ, ಎಲ್ಲ ಜೀವಿಗಳೂ ಸಾಯುವುದಿಲ್ಲ. ಆದ್ದರಿಂದ ಅದನ್ನು ತಂಪಿನಲ್ಲಿಡಬೇಕು, ಒಂದೆರಡು ದಿನದಲ್ಲಿ ಮುಗಿಸಬೇಕು. ತಿಂಗಳುಗಟ್ಟಲೆ ಬಾಳುವ ಹಾಲನ್ನು, ಉದಾಹರಣೆಗೆ ನಂದಿನಿ ಗುಡ್‌ಲೈಫ್‌ನಂಥದ್ದನ್ನು, 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡ್ ಕಾಯಿಸಿ, ಗಾಳಿ ಮುಟ್ಟದಂತೆ ತುಂಬಿರುತ್ತಾರೆ. ಅದರಲ್ಲಿ ಏನೋ ಔಷಧ ಹಾಕಿರುತ್ತಾರೆ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು, ಬಾಳುವುದು ಶಾಖದಿಂದ ಮತ್ತು ಬಿಗಿಯಾದ ಪೊಟ್ಟಣದಿಂದ. ಆದರೆ ಒಮ್ಮೆ ಕತ್ತರಿಸಿದರೆ ಆ ರಕ್ಷಣೆ ಹೋಯಿತು, ಆಮೇಲೆ ಅದೂ ಮಾಮೂಲಿ ಹಾಲೇ. ನಮ್ಮ ಕೋಣೆಯ ಹಾಲಿನ ಪೆಟ್ಟಿಗೆಗಳ ತಾರೀಖು ಎಂದೋ ಮುಗಿದಿತ್ತು, ಮೂರು ಪೆಟ್ಟಿಗೆ ಊದಿಕೊಂಡಿದ್ದವು. ಊದಿಕೊಂಡ ಪೆಟ್ಟಿಗೆ, ಡಬ್ಬ, ಪ್ಯಾಕೆಟ್ ಯಾವುದಾದರೂ ಸರಿ, ಒಳಗೆ ಜೀವಿಗಳು ಬೆಳೆದು ಗಾಳಿ ಬಿಟ್ಟಿವೆ ಎಂದು ಅರ್ಥ. ರುಚಿ ನೋಡಲೂ ಬಾರದು. ತಾರೀಖು ಇದ್ದರೂ ಇಂಥದ್ದನ್ನು ಬಿಸಾಡಬೇಕು.

ಐದನೆಯದು ಮಗುವಿನ ಹಾಲಿನ ಪುಡಿ. ಒಂದು ಡಬ್ಬದ ತಾರೀಖು ದಾಟಿ ಮೂರು ವಾರ, ಇನ್ನೊಂದಕ್ಕೆ ಇನ್ನೂ ಒಂದು ತಿಂಗಳಿತ್ತು. “ಪುಡಿ ತಾನೇ, ಒಣ ಆಹಾರ” ಎಂದು ಅಂಗಡಿಯ ಸಹೋದರರು ಈಗ ಆಚೆಯ ವಾದ ಹಿಡಿದರು. ಇಲ್ಲಿ ಆ ನಿಯಮ ನಡೆಯುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಕೆಲವೊಮ್ಮೆ ಅದೊಂದೇ ಆಹಾರ. ಅದರಲ್ಲಿರುವ ವಿಟಮಿನ್‌ಗಳು ಕಾಲ ಕಳೆದಂತೆ ಕಡಿಮೆಯಾಗುತ್ತವೆ, ಕಡಿಮೆಯಾದದ್ದನ್ನು ತುಂಬಲು ಕೂಸು ಬೇರೇನೂ ತಿನ್ನುವುದಿಲ್ಲ. ಅಮೆರಿಕದಲ್ಲಿ ಇಡೀ ದೇಶದ ಕಾನೂನು ತಾರೀಖನ್ನು ಕಡ್ಡಾಯ ಮಾಡಿರುವ ಏಕೈಕ ಆಹಾರ ಇದೇ. ಮಗುವಿನ ಹಾಲಿನ ಪುಡಿಯ ತಾರೀಖು ಒಂದು ದಿನ ದಾಟಿದರೂ ಬಳಸಬಾರದು.

ತಾರೀಖು ಇದ್ದೂ ಕೆಟ್ಟದ್ದು

ಕಿಟ್‌ಗೆ ಹಾಕಲು ಅಂಗಡಿಯ ಸಹೋದರರು ಧೈರ್ಯವಾಗಿ ಪಕ್ಕಕ್ಕೆ ಎತ್ತಿಟ್ಟಿದ್ದು ಎರಡೇ: ಎರಡು ತಿಂಗಳ ತಾರೀಖು ಬಾಕಿ ಇದ್ದ ಕಾಯಿಪುಡಿ, ಮತ್ತು ತಾರೀಖಿನ ಹಂಗೇ ಇಲ್ಲದ ಕೊಬ್ಬರಿ. ಆಕೆ ಮೊದಲು ಬೇಡ ಎಂದದ್ದು ಆ ಎರಡನ್ನೇ.

ಕಾಯಿಪುಡಿಯ ಪ್ಯಾಕೆಟ್‌ಗಳು ಸೋರುವ ಗೋಡೆಗೆ ಒರಗಿದ್ದವು. ಮುಟ್ಟಿದರೆ ಹುಡಿಯಾಗಿರಬೇಕಾದ ಪುಡಿ ಗಂಟುಗಟ್ಟಿತ್ತು, ಅಂದರೆ ತೇವ ಒಳಗೆ ಹೋಗಿತ್ತು. ಪ್ಯಾಕೆಟ್ ತಿರುಗಿಸಿ ಆಕೆ ತಾರೀಖಿನ ಹತ್ತಿರದ ಸಣ್ಣ ಅಕ್ಷರ ಓದಿಸಿದಳು: ತಂಪಾದ, ಒಣಗಿದ ಜಾಗದಲ್ಲಿ ಇಡಿ. “ತಾರೀಖು ಒಂದು ಕರಾರು ಇದ್ದ ಹಾಗೆ, ಹಜರತ್. ‘ನೀವು ಹೀಗೆ ಇಟ್ಟರೆ ನಾವು ಇಷ್ಟು ದಿನ ಜವಾಬ್ದಾರಿ’ ಎಂದು. ಬೇಸಿಗೆಯಲ್ಲಿ ಕಾದ ಶೀಟಿನ ಕೆಳಗೆ, ಮಳೆಗಾಲದಲ್ಲಿ ಸೋರುವ ಗೋಡೆಯ ಪಕ್ಕದಲ್ಲಿ ಇಟ್ಟ ಮೇಲೆ ಕರಾರು ಮುರಿದದ್ದು ನಾವೇ.”

ಒಣ ಪುಡಿಯ ಬಗ್ಗೆ ಇನ್ನೊಂದು ಸಂಗತಿಯನ್ನೂ ಹೇಳಿದಳು. ಒಣಗಿಸಿದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಸುಮ್ಮನೆ ಮಲಗಿರುತ್ತವೆ. 1953ರಲ್ಲಿ ಆಸ್ಟ್ರೇಲಿಯಾದಲ್ಲಿ ಟೈಫಾಯಿಡ್ ಹರಡಿದಾಗ ಮೂಲ ಹುಡುಕುತ್ತಾ ಹೋದವರು ಕೊನೆಗೆ ತಲುಪಿದ್ದು ಹೊರಗಿನಿಂದ ತರಿಸಿದ್ದ ಒಣ ಕಾಯಿಪುಡಿಗೆ. ಪುಡಿ ಒಣಗಿಯೇ ಇತ್ತು, ಆದರೆ ರೋಗದ ಜೀವಿ ಅದರಲ್ಲಿ ಉಳಿದಿತ್ತು. ಆ ಕಾಲದ ಇಂಥ ಅನುಭವಗಳ ಮೇಲೆಯೇ ತಿರುಳನ್ನು ಪುಡಿ ಮಾಡುವ ಮುಂಚೆ ಬಿಸಿನೀರು ಅಥವಾ ಹಬೆಯಲ್ಲಿ ಹಾಯಿಸುವ ಪದ್ಧತಿ ಬಂತು. ಒಳ್ಳೆಯ ಕಾರ್ಖಾನೆಯಲ್ಲಿ ಈಗ ಇದು ನಡೆಯುತ್ತದೆ. ಆದರೂ ಪುಡಿಗೆ ನಮ್ಮ ಅಡುಗೆಮನೆಯಲ್ಲಿ ನೀರು ಬಿದ್ದ ಕ್ಷಣ ಪ್ಯಾಕೆಟ್ಟಿನ ತಾರೀಖು ಮುಗಿಯಿತು, ಹೊಸ ಲೆಕ್ಕ ಶುರುವಾಯಿತು ಎಂದು ತಿಳಿಯಬೇಕು.

ಆ ಹೊಸ ಲೆಕ್ಕ ಎಷ್ಟು ವೇಗದ್ದು? ಬೆಚ್ಚಗಿನ, ನೀರಿರುವ ಆಹಾರದಲ್ಲಿ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲವು. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಆರು ಗಂಟೆಯಲ್ಲಿ ಹದಿನೆಂಟು ಸಲ. ಒಂದರಿಂದ ಶುರುವಾದದ್ದು 2,62,144 ಆಗುತ್ತದೆ. ಮಧ್ಯಾಹ್ನ ರುಬ್ಬಿದ ಕಾಯಿ ಚಟ್ನಿಯನ್ನು ಇಫ್ತಾರ್ ಹೊತ್ತಿನವರೆಗೆ ಹೊರಗೆ ಇಟ್ಟರೆ ಆಗುವುದು ಇದೇ. ಕಾಯಿಪುಡಿಯ ಪ್ಯಾಕೆಟ್ಟಿಗೆ ವರ್ಷದ ತಾರೀಖು ಇತ್ತು ಎಂಬುದು ಆ ಚಟ್ನಿಗೆ ರಕ್ಷಣೆಯಲ್ಲ. ರುಬ್ಬಿದ ಮೇಲೆ ಎರಡು ಗಂಟೆಯೊಳಗೆ ತಿನ್ನಬೇಕು ಅಥವಾ ಫ್ರಿಜ್ಜಿಗೆ ಇಡಬೇಕು. ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ, ಆದ್ದರಿಂದ ಹೊರಗೆ ಉಳಿದದ್ದನ್ನು ‘ಮತ್ತೊಮ್ಮೆ ಕಾಯಿಸಿದರಾಯಿತು’ ಎನ್ನುವಂತಿಲ್ಲ.

ನಮ್ಮ ಮನೆಯ ಒಂದು ತಪ್ಪನ್ನೂ ಇಲ್ಲಿ ಹೇಳುತ್ತೇವೆ. ಬಿರಿಯಾನಿಗೆಂದು ತಂದ ತೆಂಗಿನಹಾಲಿನ ಪೆಟ್ಟಿಗೆ ಅರ್ಧ ಬಳಸಿ, ಉಳಿದದ್ದು ಫ್ರಿಜ್ಜಿನ ಬಾಗಿಲಿನಲ್ಲಿ ಹತ್ತು ದಿನ ಕೂತಿತ್ತು. ತಾರೀಖು ಮುಂದಿನ ವರ್ಷದ್ದು ಎಂಬ ಧೈರ್ಯ. ಪೆಟ್ಟಿಗೆಯ ಪಕ್ಕದಲ್ಲಿ ‘ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಬಳಸಿ’ ಎಂದು ಇದ್ದದ್ದನ್ನು ಯಾರೂ ಓದಿರಲಿಲ್ಲ. ಈಗ ಮನೆಯಲ್ಲಿ ತೆರೆದ ದಿನವನ್ನು ಪೆನ್ನಿನಲ್ಲಿ ಪೆಟ್ಟಿಗೆಯ ಮೇಲೆ ಬರೆದಿಡುತ್ತಾರೆ. ನಮ್ಮ ಪಾಲಿಗೆ ಅದೇ ನಿಜವಾದ ತಾರೀಖು.

ಇನ್ನು ಕೊಬ್ಬರಿ. ನಮ್ಮ ಸೀಮೆಯವರಿಗೆ ಕೊಬ್ಬರಿ ಎಂದರೆ ಕೆಡದ ವಸ್ತು ಎಂಬ ನಂಬಿಕೆ. ಚೀಲ ಸುರಿದಾಗ ಮೇಲಿನದು ಚೆನ್ನಾಗಿತ್ತು, ತಳದಲ್ಲಿದ್ದ ಹೋಳುಗಳ ಒಳಮೈಯಲ್ಲಿ ಹಳದಿ ಮಿಶ್ರಿತ ಹಸಿರು ಬೂಷ್ಟು. ಚಾಚಾ ಒಂದು ಹೋಳನ್ನು ಪಂಚೆಯಲ್ಲಿ ಒರೆಸಿ, “ಹೆರೆದು ತೊಳೆದರೆ ಹೋಗುತ್ತದೆ” ಎಂದರು. ಆಕೆ ಕೈ ಹಿಡಿದು ನಿಲ್ಲಿಸಿದಳು. ಸರಿಯಾಗಿ ಒಣಗದ ಅಥವಾ ಮತ್ತೆ ತೇವ ಹೀರಿದ ಕೊಬ್ಬರಿ, ಕಡಲೆಕಾಯಿ, ಜೋಳದ ಮೇಲೆ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಬೂಷ್ಟನ್ನು ಹೆರೆದರೂ ವಿಷ ಒಳಗೆ ಇಳಿದಿರುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ತಿಂದ ದಿನ ಹೊಟ್ಟೆನೋವೂ ಬರುವುದಿಲ್ಲ, ಆದರೆ ಮತ್ತೆ ಮತ್ತೆ ತಿಂದರೆ ಪಿತ್ತಜನಕಾಂಗಕ್ಕೆ ಹಾನಿ, ಕ್ಯಾನ್ಸರಿನವರೆಗೆ. ಬೂಷ್ಟು ಹಿಡಿದ ಹೋಳನ್ನು ಬಿಸಾಡಬೇಕು. ಎಣ್ಣೆಗೂ ಹಾಕಬಾರದು, ಹಸುವಿಗೂ ಹಾಕಬಾರದು, ಏಕೆಂದರೆ ಹಸು ತಿಂದ ಅಫ್ಲಾಟಾಕ್ಸಿನ್‌ನ ಒಂದು ಪಾಲು ಹಾಲಿನಲ್ಲಿ ನಮಗೇ ಮರಳಿ ಬರುತ್ತದೆ.

ಅಂಗಡಿಯಲ್ಲಿ, ದಾನದಲ್ಲಿ

ಅಂಗಡಿಯ ಸಹೋದರರು ತಮ್ಮ ಕಷ್ಟವನ್ನೂ ಹೇಳಿಕೊಂಡರು. ತಾರೀಖು ಮುಗಿದ ಮಾಲನ್ನು ಡೀಲರ್ ಒಮ್ಮೊಮ್ಮೆ ವಾಪಸ್ ತೆಗೆದುಕೊಳ್ಳುವುದಿಲ್ಲ, ನಷ್ಟ ಅಂಗಡಿಯವನ ಮೇಲೆ ಬೀಳುತ್ತದೆ. ಕಷ್ಟ ನಿಜ. ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ತಾರೀಖು ಮುಗಿದ ಆಹಾರವನ್ನು ಪೂರೈಸಿದರೆ ವಿತರಕ, ಮಾರಿದರೆ ಅಂಗಡಿಯವನು ಹೊಣೆ. ಮಾರುವವನ ಮಟ್ಟಿಗೆ ಎಣ್ಣೆ, ಬಿಸ್ಕತ್ತು ಎಂಬ ಭೇದವಿಲ್ಲ. ಹೊಸ ಮಾಲು ಬಂದಾಗ ಹಳೆಯದನ್ನು ಮುಂದಕ್ಕೆ, ಹೊಸದನ್ನು ಹಿಂದಕ್ಕೆ ಜೋಡಿಸುವುದು, ತಿಂಗಳಿಗೊಮ್ಮೆ ಕಪಾಟು ನೋಡುವುದು, ತಾರೀಖು ಹತ್ತಿರವಿರುವುದನ್ನು ಗಿರಾಕಿಗೆ ಹೇಳಿ ಬೆಲೆ ಇಳಿಸಿ ಮಾರುವುದು, ಇವು ಅವರಿಗಿರುವ ದಾರಿ.

ಪ್ರವಾದಿಯವರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿದ ಪ್ರಸಂಗ ನಿಮಗೆ ಗೊತ್ತು. ಮಳೆ ಬಿದ್ದು ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಒದ್ದೆಯಾದದ್ದನ್ನು ಜನ ನೋಡುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ಧಾನ್ಯ ನೆನೆದದ್ದನ್ನು ಅವರು ತಪ್ಪೆನ್ನಲಿಲ್ಲ, ಮರೆಮಾಡಿದ್ದನ್ನು ತಪ್ಪೆಂದರು. ತಾರೀಖಿನ ಮೇಲೆ ಬೆಲೆಯ ಚೀಟಿ ಅಂಟಿಸುವುದು, ಅಳಿಸಿ ಬೇರೆ ಮುದ್ರೆ ಒತ್ತುವುದು ಇಂದಿನ ಮರೆಮಾಚುವಿಕೆ. ಕೊಳ್ಳುವಾಗ ಚೀಟಿಯ ಕೆಳಗೆ ಇನ್ನೊಂದು ಮುದ್ರೆ ಇದೆಯೇ, ತಾರೀಖಿನ ಸುತ್ತ ಒರೆಸಿದ ಮಸುಕು ಇದೆಯೇ, ಒಳಗಿನ ಪ್ಯಾಕೆಟ್ಟಿನ ಮತ್ತು ಹೊರ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ನೋಡಿ. ಅನುಮಾನ ಬಂದರೆ ರಸೀದಿ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ದಾನದ ವಿಷಯದಲ್ಲಿ ನಾವು ಇನ್ನೂ ಬಿಗಿಯಾಗಿರಬೇಕು. ತನ್ನ ಮನೆಯ ಎಣ್ಣೆ ಒಂದು ತಿಂಗಳು ದಾಟಿದ್ದನ್ನು ಮೂಸಿ ನೋಡಿ ಬಳಸುವವನು ತನ್ನ ಬುದ್ಧಿಯಿಂದ ನಿರ್ಧರಿಸುತ್ತಾನೆ. ಕಿಟ್ ಪಡೆಯುವ ತಾಯಿಗೆ ಆ ಆಯ್ಕೆ ಇಲ್ಲ. ಅದು ಎಲ್ಲಿ ಇತ್ತು, ಹೇಗೆ ಇತ್ತು ಆಕೆಗೆ ಗೊತ್ತಿಲ್ಲ, ಮಸೀದಿಯಿಂದ ಬಂದದ್ದು ಎಂದು ನಂಬಿ ಮಕ್ಕಳಿಗೆ ಬಡಿಸುತ್ತಾಳೆ. ಕಣ್ಣು ಮುಚ್ಚಿಕೊಂಡಲ್ಲದೆ ನಾವೇ ತೆಗೆದುಕೊಳ್ಳದ ವಸ್ತುವನ್ನು ದಾನಕ್ಕೆ ಆರಿಸಬಾರದೆಂದು ಸೂರಃ ಅಲ್ ಬಕರದಲ್ಲಿ ಎಚ್ಚರಿಸಲಾಗಿದೆ.

ಕೊನೆಗೆ ಮಾಡಿದ್ದು

ಆ ದಿನ ಚಾಪೆಯ ಮೇಲೆ ಮೂರು ರಾಶಿ ಆದವು. ಹಾಲಿನ ಪೆಟ್ಟಿಗೆಗಳು, ಹುಳ ಬಿದ್ದ ಖರ್ಜೂರ, ನುಸಿ ಹಿಡಿದ ಶಾವಿಗೆ, ಗಂಟುಗಟ್ಟಿದ ಕಾಯಿಪುಡಿ, ಬೂಷ್ಟಿನ ಕೊಬ್ಬರಿ ಮತ್ತು ಮಗುವಿನ ಹಾಲಿನ ಪುಡಿಯ ಎರಡೂ ಡಬ್ಬ ಮಣ್ಣಿಗೆ ಹೋದವು. ತಾರೀಖು ಬಾಕಿ ಇದ್ದ ಡಬ್ಬವೂ ಬೇಸಿಗೆಯಿಡೀ ಶೀಟಿನ ಕೆಳಗೆ ಕಾದದ್ದರಿಂದ ಅದನ್ನು ಕೂಸಿಗೆ ಕೊಡಲು ಯಾರಿಗೂ ಮನಸ್ಸು ಬರಲಿಲ್ಲ. ಯಾರೂ ಆಯ್ದುಕೊಂಡು ತಿನ್ನದಿರಲೆಂದು ಪ್ಯಾಕೆಟ್‌ಗಳನ್ನು ಒಡೆದು ಹೂತೆವು. ಎಣ್ಣೆಯನ್ನು ಕಮಿಟಿಯವರೇ ಹಂಚಿಕೊಂಡು ಅದರ ಬೆಲೆಯನ್ನು ಕಿಟ್ ಹುಂಡಿಗೆ ಹಾಕಿದೆವು. ಕೆಲವರು ತಲೆಗೆ ಹಚ್ಚಿದರು, ಚಾಚಾ ಅಡುಗೆಗೇ ಬಳಸಿದರು. ಹುಳವಿಲ್ಲದ ಖರ್ಜೂರವೂ ಹಾಗೆಯೇ ನಮ್ಮ ಮನೆಗಳಿಗೇ ಬಂತು. ಕಿಟ್‌ಗೆ ಸೇರಿದ್ದು ಚೀಲದ ಮೇಲ್ಭಾಗದ ಗಟ್ಟಿ ಕೊಬ್ಬರಿ ಮಾತ್ರ, ಅದೂ ಒಂದೊಂದು ಹೋಳನ್ನೂ ಒಡೆದು ಒಳಮೈ ನೋಡಿ.

ಈಗ ಕೋಣೆಯ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿದ್ದೇವೆ. ಯಾವ ಸಾಮಾನು ಬಂದರೂ ಅದರ ತಾರೀಖು ಬರೆದು, ಮುಗಿಯಲು ಎರಡು ತಿಂಗಳು ಇರುವಾಗಲೇ ಹಂಚಿಬಿಡುವುದೆಂದು ಮಾಡಿಕೊಂಡಿದ್ದೇವೆ. ಹಾಲು, ಮಗುವಿನ ಪುಡಿಯನ್ನು ಕಿಟ್‌ಗೆ ಕೊಡುವವರಿಂದ ವಸ್ತುವಿನ ಬದಲು ಹಣ ಪಡೆದು, ಹಂಚುವ ವಾರ ಕೊಳ್ಳುತ್ತೇವೆ. ಸೋರುತ್ತಿದ್ದ ಗೋಡೆಯನ್ನು ಅಂಗಡಿಯ ಸಹೋದರರು ತಾವೇ ಮುಂದೆ ನಿಂತು ಗಾರೆ ಮಾಡಿಸಿದರು. ಚಾಚಾ ಈಗಲೂ ಮೂಸಿ ನೋಡುತ್ತಾರೆ, ಆದರೆ ಮೊದಲು ಪ್ಯಾಕೆಟ್ ತಿರುಗಿಸಿ, ಮೊಮ್ಮಗನ ಕೈಯಲ್ಲಿ ಸಣ್ಣ ಅಕ್ಷರ ಓದಿಸುತ್ತಾರೆ.